ವಾರಕ್ಕೆ ಐದು ಗಂಟೆ: ಮೆಣಸಿನ ವ್ಯಾಪಾರಕ್ಕೆ ಬೇಕಾದಷ್ಟು ವಿಯೆಟ್ನಾಮೀಸ್

ಮಲೆನಾಡಿನಲ್ಲಿ ಕಾಳುಮೆಣಸಿನ ಬೆಲೆಯ ಮಾತು ಬಂದರೆ ವಿಯೆಟ್ನಾಂ ಹೆಸರು ಬಂದೇ ಬರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ರಫ್ತು ಮಾಡುವ ದೇಶ ಅದು. ರೊಬಸ್ಟಾ ಕಾಫಿಯಲ್ಲಿಯೂ ಅದರದೇ ಮೊದಲ ಸ್ಥಾನ. ಮಸಾಲೆ ಪದಾರ್ಥ ಖರೀದಿಸುವ ಕಚೇರಿಯಲ್ಲಿ ನನ್ನ ಕೆಲಸ; ಹೋ ಚಿ ಮಿನ್ ನಗರದ ರಫ್ತುದಾರರೊಂದಿಗೆ ವಾರಕ್ಕೆ ನಾಲ್ಕೈದು ಸಲ ಮಾತನಾಡಬೇಕಾಗುತ್ತದೆ. ಅಲ್ಲಿನ ಮಾರಾಟ ವಿಭಾಗದವರಿಗೆ ಇಂಗ್ಲಿಷ್ ಬರುತ್ತದೆ. ಆದರೆ ಗೋದಾಮಿನಲ್ಲಿ ಚೀಲ ಬಿಚ್ಚಿ ತೇವಾಂಶ ನೋಡುವವರಿಗೆ, ಲಾರಿ ಹೊರಟಿತೋ ಇಲ್ಲವೋ ಎಂದು ಹೇಳಬೇಕಾದವರಿಗೆ ಬರುವುದು ವಿಯೆಟ್ನಾಮೀಸ್ ಒಂದೇ. ನಾನು ಕಲಿಯಲು ಹೊರಟದ್ದು ಅವರೊಂದಿಗೆ ಮಾತನಾಡಲು.

ಇಡೀ ಭಾಷೆಯನ್ನು ಕಲಿಯುತ್ತೇನೆ ಎಂದು ಹೊರಟರೆ ಕೆಲಸದಲ್ಲಿರುವವರಿಗೆ ದಾರಿ ಸಾಗುವುದಿಲ್ಲ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಇಂಗ್ಲಿಷ್ ಮಾತೃಭಾಷೆಯ ತನ್ನ ಅಧಿಕಾರಿಗಳಿಗೆ ವಿಯೆಟ್ನಾಮೀಸ್ ಕಲಿಸಲು ಇಟ್ಟುಕೊಂಡಿರುವ ಲೆಕ್ಕ 44 ವಾರ, ಸುಮಾರು 1,100 ಗಂಟೆಗಳ ತರಗತಿ. ವಾರಕ್ಕೆ 5 ಗಂಟೆ ಬಿಡುವು ಸಿಗುವ ನಮಗೆ ಅದು ನಾಲ್ಕು ವರ್ಷಕ್ಕೂ ಮಿಕ್ಕ ಕೆಲಸ. ಆದ್ದರಿಂದ ಭಾಷೆಯ ಒಂದು ಸಣ್ಣ ತುಂಡನ್ನು ಆರಿಸಿಕೊಳ್ಳಬೇಕು: ಬೆಲೆ, ತೂಕ, ತೇವಾಂಶ, ಸರಕು ಬಂತೇ ಇಲ್ಲವೇ, ಯಾವಾಗ ಬರುತ್ತದೆ. ಕೆಳಗಿನ ವಾರದ ಯೋಜನೆ ಈ ತುಂಡಿಗಾಗಿ ಮಾಡಿದ್ದು. ನಿಮ್ಮದು ಬೇರೆ ಕಸುಬಾದರೆ ಪದಗಳನ್ನು ಬದಲಿಸಿಕೊಳ್ಳಿ, ದಿನಗಳ ಕ್ರಮ ಹಾಗೆಯೇ ಇರಲಿ.

ಮೊದಲು: ಯಾವ ಊರಿನ ಮಾತು?

ವಾರ ಆರಂಭಿಸುವ ಮುನ್ನ ತೀರ್ಮಾನಿಸಬೇಕಾದ ಸಂಗತಿ ಇದು. ಉತ್ತರದ ಹನೋಯಿಯಲ್ಲಿ ಆರು ದನಿಗಳಿವೆ. ದಕ್ಷಿಣದ ಹೋ ಚಿ ಮಿನ್ ನಗರದಲ್ಲಿ ಅವುಗಳಲ್ಲಿ ಎರಡು ಒಂದಾಗಿ, ಕಿವಿಗೆ ಕೇಳುವುದು ಐದೇ. ದನಿ ಎಂದರೆ ಇಲ್ಲಿ ರಾಗದ ಏರಿಳಿತ. ಅದು ಬದಲಾದರೆ ಪದವೇ ಬದಲಾಗುತ್ತದೆ. ವ್ಯಂಜನಗಳೂ ಬೇರೆಯಾಗುತ್ತವೆ. ಬೆಲೆ ಎಂಬ ಪದವನ್ನು ಹನೋಯಿಯವರು ಝಾ ಎನ್ನುತ್ತಾರೆ, ದಕ್ಷಿಣದವರು ಯಾ ಎನ್ನುತ್ತಾರೆ. ಸಾವಿರಕ್ಕೆ ಅಲ್ಲಿ ಙೀನ್, ಇಲ್ಲಿ ಙಾನ್. ಮಾರುಕಟ್ಟೆಯಲ್ಲಿ ಸಿಗುವ ಅನೇಕ ಆ್ಯಪ್‌ಗಳೂ ಪಾಠಗಳೂ ಹನೋಯಿ ಉಚ್ಚಾರದಲ್ಲಿವೆ. ನಾನು ಮೊದಲ ಎರಡು ತಿಂಗಳು ಅವುಗಳಲ್ಲೇ ಕಲಿತೆ. ದೂರವಾಣಿಯಲ್ಲಿ ಮಾತು ಕೇಳಿದಾಗ ಗೊತ್ತಿದ್ದ ಪದಗಳೂ ಗುರುತು ಸಿಗಲಿಲ್ಲ. ನೀವು ಯಾರೊಂದಿಗೆ ಮಾತನಾಡಬೇಕೋ ಅವರ ಊರಿನ ಶಿಕ್ಷಕರನ್ನೇ ಹುಡುಕಿ, ಆರು ತಿಂಗಳು ಒಂದೇ ಉಚ್ಚಾರಕ್ಕೆ ಅಂಟಿಕೊಳ್ಳಿ. ನಾನು ಇಲ್ಲಿ ಹೇಳುವುದೆಲ್ಲ ದಕ್ಷಿಣದ ಮಾತು.

ಎರಡನೆಯ ಸಿದ್ಧತೆ ಕೀಲಿಮಣೆ. ಮೊಬೈಲ್‌ನಲ್ಲಿ ವಿಯೆಟ್ನಾಮೀಸ್ ಕೀಲಿಮಣೆಯನ್ನು ಸೇರಿಸಿ, ಟೆಲೆಕ್ಸ್ ಎಂಬ ವಿಧಾನವನ್ನು ಆರಿಸಿಕೊಳ್ಳಿ. ಇದರಲ್ಲಿ ದನಿಯ ಗುರುತನ್ನು ಒಂದು ಅಕ್ಷರದಿಂದ ಒತ್ತಬೇಕು:

```
gias       -> giá    (ಬೆಲೆ)
giaf       -> già    (ಮುದಿ)
daj        -> dạ     (ಹೌದು, ಗೌರವದಿಂದ)
tieeu      -> tiêu   (ಮೆಣಸು)
ddooj aarm -> độ ẩm  (ತೇವಾಂಶ)
```

ಮೊದಲ ಮೂರು ಸಾಲನ್ನು ನೋಡಿ. ದಕ್ಷಿಣದ ಬಾಯಲ್ಲಿ ಮೂರೂ ಯಾ! ದನಿ ಏರಿದರೆ ಬೆಲೆ, ಇಳಿದರೆ ಮುದಿ, ಇನ್ನೂ ತಗ್ಗಿಸಿ ಕೆಳಗಿಟ್ಟರೆ ಗೌರವದ ಹೌದು. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಈ ಲೇಖನದಲ್ಲಿ ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಟಿಪ್ಪಣಿಯಲ್ಲಿ ಮಾತ್ರ ಹಾಗೆ ಮಾಡಬೇಡಿ. ಟೆಲೆಕ್ಸ್‌ನಲ್ಲಿ ಏರಿಳಿತವಿಲ್ಲದ ಸಮದನಿಯೊಂದನ್ನು ಬಿಟ್ಟು ಪ್ರತಿ ದನಿಗೂ ಬೆರಳು ಒಂದು ಕೀಲಿ ಒತ್ತಲೇಬೇಕಾದ್ದರಿಂದ ದನಿಯನ್ನು ಮರೆಯಲು ಆಗುವುದಿಲ್ಲ.

ಸೋಮವಾರ, 45 ನಿಮಿಷ: ಕೇಳುವುದು ಮಾತ್ರ

ಒಂದು ನಿಮಿಷದ ಒಂದು ಧ್ವನಿ ತುಣುಕು ಸಾಕು. ವಿಯೆಟ್ನಾಂನಲ್ಲಿ ಮೆಣಸು ಮತ್ತು ಕಾಫಿಯ ದಿನದ ಬೆಲೆಯನ್ನು ಓದುವ ವಿಡಿಯೊಗಳು ಸಿಗುತ್ತವೆ. ಹುಡುಕಲು ಹೀಗೆ ಟೈಪ್ ಮಾಡಿ:

```
giá tiêu hôm nay
giá cà phê hôm nay
```

ಮೊದಲ ಸಾಲಿನ ಪದಗಳ ಅರ್ಥ ಇದ್ದ ಕ್ರಮದಲ್ಲೇ ಹೀಗಿದೆ: ಬೆಲೆ, ಮೆಣಸು, ಇಂದು. ಹಿಂದಿನಿಂದ ಓದಿದರೆ ನಮ್ಮ 'ಇಂದಿನ ಮೆಣಸಿನ ಬೆಲೆ'. ವರ್ಣಿಸುವ ಪದ ಕನ್ನಡದಲ್ಲಿ ಮೊದಲು ಬರುತ್ತದೆ, ವಿಯೆಟ್ನಾಮೀಸ್‌ನಲ್ಲಿ ನಂತರ. ಕರಿಮೆಣಸು ಅಲ್ಲಿ ಮೆಣಸುಕರಿ. ಈ ಒಂದು ತಿರುವು ತಿಳಿದರೆ ಆರಂಭಕ್ಕೆ ಬೇಕಾದ ವ್ಯಾಕರಣದ ದೊಡ್ಡ ಪಾಲು ಮುಗಿಯಿತು; ಕ್ರಿಯಾಪದಕ್ಕೆ ಲಿಂಗ, ವಚನ, ಕಾಲಗಳ ಪ್ರತ್ಯಯಗಳೇ ಇಲ್ಲ.

ತುಣುಕನ್ನು ಆರು ಸಲ ಕೇಳಿ. ಮೊದಲ ಎರಡು ಸಲ ಏನನ್ನೂ ಬರೆಯಬೇಡಿ. ಮೂರನೆಯ ಮತ್ತು ನಾಲ್ಕನೆಯ ಸಲ ಕಿವಿಗೆ ಬಿದ್ದ ಅಂಕಿಗಳನ್ನು ಮಾತ್ರ ಬರೆಯಿರಿ. ಐದನೆಯ ಸಲ ಪ್ರಾಂತ್ಯಗಳ ಹೆಸರುಗಳನ್ನು ಹಿಡಿಯಿರಿ: ದಕ್ ಲಕ್, ಯಾ ಲಾಯ್, ಲಾಮ್ ದೊಂಗ್, ದೊಂಗ್ ನಾಯ್. ಆರನೆಯ ಸಲ ಪರದೆಯ ಮೇಲಿನ ಬರಹವನ್ನು ನೋಡುತ್ತಾ ಕೇಳಿ. ಮಿಕ್ಕ ಸಮಯದಲ್ಲಿ ತಪ್ಪಿದ ಜಾಗವನ್ನು ಮಾತ್ರ ಮತ್ತೆ ಮತ್ತೆ ಹಾಕಿ ಕೇಳಿ. ಮೊದಲ ಹತ್ತು ನಿಮಿಷಕ್ಕೇ ಬರಹ ನೋಡಿದರೆ ಕಣ್ಣು ಓದಿದ್ದನ್ನೇ ಕಿವಿ ಕೇಳಿತು ಎಂದು ನಂಬಿಬಿಡುತ್ತೇವೆ.

ಅಂಕಿ ಬರಹದಲ್ಲಿ ಒಂದು ಅಪಾಯವಿದೆ. ಅಲ್ಲಿ ಸಾವಿರವನ್ನು ಚುಕ್ಕಿಯಿಂದ ಬೇರ್ಪಡಿಸುತ್ತಾರೆ, ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. 142.000 ಎಂದರೆ ಒಂದು ಲಕ್ಷದ ನಲವತ್ತೆರಡು ಸಾವಿರ, 12,5 ಎಂದರೆ ಹನ್ನೆರಡೂವರೆ.

ಮಂಗಳವಾರ, 40 ನಿಮಿಷ: ಎಂಟೇ ಎಂಟು ಕಾರ್ಡು

ಸೋಮವಾರದ ತುಣುಕಿನಿಂದ ಮತ್ತು ನಿಮ್ಮ ಕೆಲಸದಿಂದ ಎಂಟು ವಾಕ್ಯಗಳನ್ನು ಆರಿಸಿ ಆಂಕಿಯಂಥ ಕಾರ್ಡಿನ ಆ್ಯಪ್‌ಗೆ ಹಾಕಿ. ಬಿಡಿ ಪದ ಬೇಡ. ಪದಗಳ ಕ್ರಮ ನಮ್ಮದಕ್ಕೆ ತಿರುಗುಮುರುಗು ಆದ್ದರಿಂದ ಬಿಡಿ ಪದ ಕಲಿತವರು ಮಾತನಾಡುವಾಗ ಅವನ್ನು ಕನ್ನಡದ ಸಾಲಿನಲ್ಲೇ ಪೋಣಿಸುತ್ತಾರೆ. ಇಡೀ ವಾಕ್ಯ ಕಲಿತರೆ ಕ್ರಮ ತಾನಾಗಿ ಬರುತ್ತದೆ. ನನ್ನ ಮೊದಲ ವಾರದ ಕಾರ್ಡುಗಳಲ್ಲಿ ಕೆಲವು:

```
Bao nhiêu một ký?              ಕಿಲೋಗೆ ಎಷ್ಟು?
Độ ẩm bao nhiêu?               ತೇವಾಂಶ ಎಷ್ಟು?
Hàng tới chưa?                 ಸರಕು ಬಂತೇ?
Dạ, chưa.                      ಇನ್ನೂ ಇಲ್ಲ.
Chị nói chậm giùm em.          ಅಕ್ಕಾ, ಸ್ವಲ್ಪ ನಿಧಾನವಾಗಿ ಹೇಳಿ.
```

ಪ್ರತಿ ಕಾರ್ಡಿಗೂ ಸ್ಥಳೀಯರ ಧ್ವನಿ ಇರಲೇಬೇಕು. ಶಿಕ್ಷಕರಿಗೆ ಎಂಟು ವಾಕ್ಯ ಕಳುಹಿಸಿದರೆ ಎರಡು ನಿಮಿಷದಲ್ಲಿ ಓದಿ ಧ್ವನಿ ಸಂದೇಶ ಕಳುಹಿಸುತ್ತಾರೆ. ಕಾರ್ಡಿನ ಮುಂಬದಿಗೆ ಧ್ವನಿ ಮಾತ್ರ, ಹಿಂಬದಿಗೆ ಬರಹ ಮತ್ತು ಅರ್ಥ. ಹಳೆಯ ಕಾರ್ಡುಗಳನ್ನು ದಿನವೂ ಬಸ್ಸಿನಲ್ಲೋ ಮೆಟ್ರೋದಲ್ಲೋ ಐದಾರು ನಿಮಿಷ ನೋಡಿ. ಅದು ಈ ಐದು ಗಂಟೆಯ ಲೆಕ್ಕಕ್ಕೆ ಸೇರಿಲ್ಲ.

ಮೂರನೆಯ, ನಾಲ್ಕನೆಯ ಕಾರ್ಡುಗಳು ಕನ್ನಡಿಗರಿಗೆ ಬಲು ಹತ್ತಿರ. ಪ್ರಶ್ನೆಯ ಕೊನೆಯ ಚುಅ ಎಂದರೆ 'ಇನ್ನೂ ಆಗಿಲ್ಲವೇ' ಎಂಬ ಭಾವ. ಅಲ್ಲಿಯವರು ಎದುರು ಸಿಕ್ಕಾಗ ಊಟವಾಯಿತೇ ಎಂದು ಕೇಳುವುದೂ ಇದೇ ಪದದಿಂದ. ಉತ್ತರ ಎರಡೇ: ಆಗಿದ್ದರೆ ರೋಯ್, ಆಗಿಲ್ಲದಿದ್ದರೆ ಚುಅ. ಇಲ್ಲಿ ಇಂಗ್ಲಿಷಿನ ಅಭ್ಯಾಸದಿಂದ ಬರಿಯ 'ಇಲ್ಲ'ವನ್ನು, ಅಂದರೆ ಖೋಂಗ್ ಎಂಬುದನ್ನು ಹೇಳಬೇಡಿ. ಸರಕು ಬರುವುದೇ ಇಲ್ಲ ಎಂದು ಕೇಳಿದವರು ತಿಳಿದುಕೊಳ್ಳಬಹುದು.

ಐದನೆಯ ಕಾರ್ಡಿನ ಚಿ ಎಂದರೆ ಅಕ್ಕ, ಎಮ್ ಎಂದರೆ ತಮ್ಮ ಅಥವಾ ತಂಗಿ. ನಾವೂ ಅಪರಿಚಿತರನ್ನು ಅಣ್ಣ, ಅಕ್ಕ ಎನ್ನುತ್ತೇವೆ, ಆದರೆ ನಮ್ಮನ್ನು ನಾವು ಹೇಳಿಕೊಳ್ಳುವಾಗ ಯಾರ ಮುಂದೆಯೂ 'ನಾನು' ಎಂದೇ ಹೇಳುತ್ತೇವೆ. ಅಲ್ಲಿ ಆ 'ನಾನು' ಕೂಡ ಎದುರಿನವರ ವಯಸ್ಸಿನಂತೆ ಬದಲಾಗುತ್ತದೆ: ಅಕ್ಕನೊಂದಿಗೆ ಮಾತನಾಡುವಾಗ 'ನನಗೆ ಹೇಳಿ' ಎನ್ನುವುದಿಲ್ಲ, 'ತಮ್ಮನಿಗೆ ಹೇಳಿ' ಎನ್ನುತ್ತಾರೆ. ಪಠ್ಯಗಳಲ್ಲಿ ಮೊದಲು ಕಲಿಸುವ ತೋಯ್ ಎಂಬ 'ನಾನು' ತಪ್ಪಲ್ಲ, ಆದರೆ ವ್ಯಾಪಾರದ ಮಾತಿನಲ್ಲಿ ದೂರ ನಿಲ್ಲಿಸಿದಂತೆ ಕೇಳಿಸುತ್ತದೆ. ಆದ್ದರಿಂದ ಕಾರ್ಡುಗಳನ್ನು ನಿಜವಾಗಿ ಮಾತನಾಡಬೇಕಾದ ವ್ಯಕ್ತಿಯನ್ನು ನೆನೆದೇ ಬರೆಯಿರಿ. ಗೋದಾಮಿನವರು ನಿಮಗಿಂತ ಹಿರಿಯ ಹೆಂಗಸಾದರೆ ಚಿ ಮತ್ತು ಎಮ್. ಹಿರಿಯ ಗಂಡಸಾದರೆ ಚಿ ಇದ್ದ ಜಾಗಕ್ಕೆ ಅಣ್ಣ ಎಂಬರ್ಥದ ಆನ್ಹ್ ಬರುತ್ತದೆ. ವಯಸ್ಸು ತಿಳಿಯದಿದ್ದರೆ ಮೊದಲ ಕರೆಯಲ್ಲೇ ಕೇಳಿಬಿಡಿ, ಅಲ್ಲಿ ಅದು ಒರಟುತನವಲ್ಲ.

ಬುಧವಾರ, 40 ನಿಮಿಷ: ನೆರಳಿನಂತೆ ಹಿಂಬಾಲಿಸಿ

ಎಂಟು ವಾಕ್ಯಗಳ ಧ್ವನಿ ಹಾಕಿ, ಅರ್ಧ ಕ್ಷಣದ ಅಂತರದಲ್ಲಿ ಜೊತೆಜೊತೆಗೆ ಹೇಳಿ. ಪ್ರತಿ ವಾಕ್ಯ ಹತ್ತು ಸಲ. ಆಮೇಲೆ ನಿಮ್ಮ ಧ್ವನಿ ಮುದ್ರಿಸಿ ಎರಡನ್ನೂ ಒಂದರ ಹಿಂದೊಂದು ಕೇಳಿ.

ಕನ್ನಡಿಗರ ನಾಲಿಗೆಗೆ ಕೆಲವು ಅನುಕೂಲಗಳಿವೆ. ತ, ಥ ಎಂಬ ಭೇದ ಅವರಲ್ಲಿಯೂ ಇದೆ. ವರ್ಣಮಾಲೆಯಲ್ಲಿ ಕಲಿತು ಮರೆತ ಙ ಮತ್ತು ಞ ಇಲ್ಲಿ ಪದದ ಆರಂಭದಲ್ಲೇ ಬರುತ್ತವೆ. 'ಎಷ್ಟು' ಎಂಬುದರ ಎರಡನೆಯ ಭಾಗ ಞಿಯು, ಸಾವಿರ ಎಂಬುದು ಙಾನ್.

ಕಾಡುವುದು ಎರಡು. ಮೊದಲನೆಯದು ಪದದ ಕೊನೆ. ನಾವು ಬಸ್ ಅನ್ನು ಬಸ್ಸು, ಕಾರ್ಡ್ ಅನ್ನು ಕಾರ್ಡು ಮಾಡುವವರು; ವ್ಯಂಜನದ ಕೊನೆಗೆ ಒಂದು ಉ ಸೇರಿಸದೆ ನಮಗೆ ಸಮಾಧಾನವಿಲ್ಲ. ಕಾಳು ಎಂಬರ್ಥದ ಪದ ಬರಹದಲ್ಲಿ ಹಾತ್, ದಕ್ಷಿಣದವರ ಬಾಯಲ್ಲಿ ಹಾಕ್‌ಗೆ ಹತ್ತಿರ. ಅದರ ಕೊನೆಯಲ್ಲಿ ಬಾಯಿ ಮುಚ್ಚಿದ ಮೇಲೆ ಗಾಳಿ ಹೊರಬರಬಾರದು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ನೋಡಿ: ಪದ ಮುಗಿಯುವಾಗ ಅಂಗೈಗೆ ಉಸಿರು ತಾಗಿದರೆ ನೀವು ಹಾತು ಎಂದಿದ್ದೀರಿ. ಕೇಳುವವರಿಗೆ ಅದು ಎರಡು ಅಕ್ಷರದ ಬೇರೇನೋ ಆಗುತ್ತದೆ.

ಎರಡನೆಯದು ಪ್ರಶ್ನೆಯ ರಾಗ. ಕನ್ನಡದಲ್ಲಿ ಪ್ರಶ್ನೆ ಕೇಳುವಾಗ ಕೊನೆಯಲ್ಲಿ ದನಿ ಏರುತ್ತದೆ. ಚುಅ ಎಂಬುದು ಸಮದನಿಯ ಪದ, ಪ್ರಶ್ನೆಯಾದರೂ ಅದು ಏರಬಾರದು. ನಮ್ಮ 'ಬಂತಾ'ದಲ್ಲಿ ಆ ಇದ್ದಂತೆ ಪ್ರಶ್ನೆಯ ಕೆಲಸವನ್ನು ಆ ಪದವೇ ಮಾಡುತ್ತದೆ. ಮುದ್ರಿಸಿದ ಧ್ವನಿಯಲ್ಲಿ ನಿಮ್ಮ ಕೊನೆಯ ಪದ ಸ್ಥಳೀಯರದ್ದಕ್ಕಿಂತ ಮೇಲಕ್ಕೆ ಹೋಗಿದ್ದರೆ ಅದೊಂದನ್ನೇ ಅಂದು ತಿದ್ದಿಕೊಳ್ಳಿ.

ವಾರಕ್ಕೊಂದು ಜೋಡಿಯನ್ನು ಹೀಗೆ ತಿಕ್ಕಿ ಹದಗೊಳಿಸಿ. ನನಗೆ ಬಹಳ ಕಾಲ ಹಿಡಿದದ್ದು ಕೊಳ್ಳು, ಋತು, ಮಳೆ ಎಂಬ ಮೂರು ಪದಗಳು. ಕೊಳ್ಳು ಎಂಬುದು ಸಮದನಿಯ ಮುವ, ಋತು ಎಂಬುದು ಇಳಿದನಿಯ ಮುವ. ಮಳೆಯದು ಸಮದನಿಯೇ, ಆದರೆ ಸ್ವರ ಬೇರೆ: ಉ ಹೇಳುವ ಜಾಗದಲ್ಲಿ ನಾಲಿಗೆ ಇಟ್ಟು, ತುಟಿ ದುಂಡಗಾಗದಂತೆ ನಗುವಾಗಿನ ಹಾಗೆ ಅಗಲಿಸಬೇಕು. ಕನ್ನಡಿಯ ಮುಂದೆ ನಿಂತು ಹೇಳಿ. ತುಟಿ ಮುಂದೆ ಬಂದರೆ ಮಳೆಯ ಬದಲು ಖರೀದಿಯ ಮಾತಾಡಿದಂತೆ.

ಗುರುವಾರ, 45 ನಿಮಿಷ: ಅಂಕಿ

ಇಡೀ ವಾರದಲ್ಲಿ ನಾನು ಎಂದೂ ಬಿಡದ ದಿನ ಇದು. ಅವರಿಗೆ ಲಕ್ಷವಿಲ್ಲ. ಸಾವಿರದ ನಂತರ ನೇರ ಹತ್ತು ಲಕ್ಷ, ಅದಕ್ಕೆ ಚಿಯೆವ್. ಒಂದೂವರೆ ಲಕ್ಷ ಎನ್ನಬೇಕಾದರೆ ನೂರೈವತ್ತು ಸಾವಿರ ಎನ್ನಬೇಕು. ತೂಕದಲ್ಲಿ ಮಾತ್ರ ಲೆಕ್ಕ ನಮ್ಮದೇ: 100 ಕಿಲೋಗೆ ತಾ ಎನ್ನುತ್ತಾರೆ, ಅದು ನಮ್ಮ ಕ್ವಿಂಟಲ್.

ಕಷ್ಟವಿರುವುದು ಮಾತಿನಲ್ಲಿ ಅಂಕಿಯನ್ನು ಮೊಟಕುಗೊಳಿಸುವ ರೀತಿಯಲ್ಲಿ. ಒಮ್ಮೆ ಬೆಲೆ ಕೇಳಿದಾಗ ಉತ್ತರ ಬಂತು: ಟ್ರಮ್ ಹಾಯ್. ಟ್ರಮ್ ನೂರು, ಹಾಯ್ ಎರಡು. ನಾನು ನೂರಾ ಎರಡು ಸಾವಿರ ಎಂದು ಬರೆದುಕೊಂಡೆ. ಅವರು ಹೇಳಿದ್ದು ನೂರಿಪ್ಪತ್ತು ಸಾವಿರ. ಮಾರುಕಟ್ಟೆಯ ಮಾತಿನಲ್ಲಿ ಕೊನೆಯ ಸಾವಿರ ಎಂಬುದನ್ನು ಬಿಡುತ್ತಾರೆ, ಹತ್ತರ ಸ್ಥಾನದ ಹೆಸರನ್ನೂ ನುಂಗುತ್ತಾರೆ. ನೂರಾ ಎರಡು ಎನ್ನಬೇಕಾದರೆ ನಡುವೆ ಲೆ ಎಂಬ ಪದ ಬಂದೇ ಬರುತ್ತದೆ: ಟ್ರಮ್ ಲೆ ಹಾಯ್. ಆ ಲೆ ಕೇಳಿಸದಿದ್ದರೆ ಕೊನೆಯದು ಹತ್ತರ ಸ್ಥಾನ. ಅಂತೆಯೇ ಟ್ರಮ್ ತು ಎಂದರೆ ನೂರಾನಲವತ್ತು, ಟ್ರಮ್ ಬೋನ್ ಹಾಯ್ ಎಂದರೆ ನೂರಾನಲವತ್ತೆರಡು. ನೂರೈವತ್ತಕ್ಕೆ ಟ್ರಮ್ ರುವೊಯ್ ಎನ್ನುತ್ತಾರೆ. ರುವೊಯ್ ಎಂದರೆ ನಮ್ಮ ಒಂದೂವರೆ, ಎರಡೂವರೆಗಳಲ್ಲಿನ 'ವರೆ'. ತೇವಾಂಶ ಹನ್ನೆರಡೂವರೆ ಎಂಬುದಕ್ಕೂ ಇದೇ ಪದ.

ಅಭ್ಯಾಸ ಹೀಗೆ. ಶಿಕ್ಷಕರು 20 ಬೆಲೆಗಳನ್ನು ಹತ್ತು ಪೂರ್ತಿ ರೂಪದಲ್ಲಿ, ಹತ್ತು ಮೊಟಕು ರೂಪದಲ್ಲಿ ಓದಿ ಕಳುಹಿಸಲಿ. ಒಮ್ಮೆ ಮಾತ್ರ ಕೇಳಿ ಬರೆಯಿರಿ, ಆಮೇಲೆ ಉತ್ತರದೊಂದಿಗೆ ಹೋಲಿಸಿ. ಮೊದಲ ವಾರ ನನಗೆ ಸಿಕ್ಕಿದ್ದು 20ಕ್ಕೆ 9. ಹದಿನಾರು ದಾಟುವವರೆಗೆ ಅದೇ ವೇಗದಲ್ಲಿ ಹೊಸ ಅಂಕಿಗಳನ್ನು ತರಿಸಿಕೊಳ್ಳಿ; ಹಳೆಯದನ್ನೇ ಮತ್ತೆ ಕೇಳಿದರೆ ಉತ್ತರ ಬಾಯಿಪಾಠವಾಗಿರುತ್ತದೆ. ತಪ್ಪು ಎಲ್ಲಿ ಎಂದೂ ಗುರುತು ಹಾಕಿ. ನನ್ನ ಹನ್ನೊಂದು ತಪ್ಪುಗಳಲ್ಲಿ ಏಳು ಮೊಟಕು ರೂಪದವು. ಮುಂದಿನ ಗುರುವಾರ ಹದಿನೈದು ಅಂಕಿಗಳನ್ನು ಆ ರೂಪದಲ್ಲೇ ತರಿಸಿಕೊಂಡೆ.

ಶುಕ್ರವಾರ, 30 ನಿಮಿಷ

ಅರ್ಧ ಸಮಯ ವಾರದ ಎಂಟು ಕಾರ್ಡುಗಳಿಗೆ. ಹೊಸದು ಬೇಡ. ಉಳಿದರ್ಧದಲ್ಲಿ ನಾಳೆಯ ಮಾತನ್ನು ಒಬ್ಬರೇ ಎರಡೂ ಪಾತ್ರ ವಹಿಸಿ ಜೋರಾಗಿ ಆಡಿ.

ಶನಿವಾರ, 75 ನಿಮಿಷ: ಮಾತು

ವಿಯೆಟ್ನಾಂ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ನಮ್ಮ ಬೆಳಿಗ್ಗೆ 8 ಅವರಿಗೆ 9.30. ಕೆಲಸದ ದಿನದ ಸಂಜೆ ನಮಗೆ ಬಿಡುವಾಗುವಷ್ಟರಲ್ಲಿ ಅವರಿಗೆ ನಿದ್ದೆಯ ಹೊತ್ತು, ಅದಕ್ಕೇ ಶನಿವಾರ ಬೆಳಿಗ್ಗೆ.

ಮೊದಲ 10 ನಿಮಿಷ ಒಂದು ಪರೀಕ್ಷೆ. ನೀವು ಹತ್ತು ಪದಗಳನ್ನು ಬಿಡಿಬಿಡಿಯಾಗಿ ಹೇಳಿ, ಶಿಕ್ಷಕರು ತಮಗೆ ಕೇಳಿದ್ದನ್ನು ಹಾಗೆಯೇ ಬರೆಯಲಿ. ಊಹಿಸಿ ತಿದ್ದಬೇಡಿ ಎಂದು ಮೊದಲೇ ಹೇಳಿಡಿ. ಒಳ್ಳೆಯ ಶಿಕ್ಷಕರಿಗೆ ವಿದೇಶಿಯರ ತಪ್ಪು ಉಚ್ಚಾರ ಎಷ್ಟು ರೂಢಿಯಾಗಿರುತ್ತದೆಂದರೆ, ಸಂದರ್ಭದಿಂದಲೇ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ನಮಗೆ ಮಾತು ಬರುತ್ತಿದೆ ಎನ್ನಿಸುತ್ತದೆ, ಗೋದಾಮಿನವರಿಗೆ ಕರೆ ಮಾಡಿದರೆ ಒಂದೂ ತಲುಪುವುದಿಲ್ಲ. ಬೆಲೆ ಎಂದು ಹೇಳಿದ್ದಕ್ಕೆ ಅವರು ಮುದಿ ಎಂದು ಬರೆದರೆ ಬುಧವಾರದ ಕೆಲಸ ಏನೆಂದು ತಿಳಿಯಿತು.

ನಂತರ ಮೂವತ್ತು ನಿಮಿಷ ಪಾತ್ರ ಹಂಚಿಕೊಂಡು ಕೆಲಸದ ಮಾತು. ನೀವು ಖರೀದಿದಾರ, ಅವರು ಗೋದಾಮಿನವರು. ಬೆಲೆ ಕೇಳಿ, ತೇವಾಂಶ ಕೇಳಿ, ಸರಕು ಯಾವಾಗ ಹೊರಡುತ್ತದೆ ಎಂದು ಕೇಳಿ, ಸಿಕ್ಕ ಪ್ರತಿ ಅಂಕಿಯನ್ನೂ ಮರಳಿ ಹೇಳಿ ಖಚಿತಪಡಿಸಿಕೊಳ್ಳಿ. ನಡುವೆ ತಿದ್ದುವುದು ಬೇಡ. ಅರ್ಥವಾಗದಿದ್ದರೆ ಇಂಗ್ಲಿಷಿಗೆ ಹಾರದೆ 'ಅಕ್ಕಾ, ನಿಧಾನವಾಗಿ ಹೇಳಿ' ಎಂಬ ಕಾರ್ಡನ್ನೇ ಬಳಸಿ. ಮುಂದಿನ ಇಪ್ಪತ್ತು ನಿಮಿಷದಲ್ಲಿ ಮೂರೇ ತಪ್ಪುಗಳನ್ನು ತಿದ್ದಿಸಿಕೊಳ್ಳಿ, ಕೊನೆಯ ಹದಿನೈದರಲ್ಲಿ ಅದೇ ಮಾತನ್ನು ಅಂಕಿ ಬದಲಿಸಿ ಮತ್ತೊಮ್ಮೆ ಆಡಿ. ಎರಡನೆಯ ಸಲ ತಡವರಿಕೆ ಕಡಿಮೆಯಾಗದಿದ್ದರೆ ವಾರದ ವಿಷಯ ದೊಡ್ಡದಾಯಿತು. ಮುಂದಿನ ವಾರ ಅರ್ಧ ಮಾಡಿ. ಒಪ್ಪಿಗೆ ಪಡೆದು ಕರೆಯನ್ನು ಮುದ್ರಿಸಿಕೊಳ್ಳಿ.

ಭಾನುವಾರ, 25 ನಿಮಿಷ

ಶನಿವಾರದ ಮುದ್ರಿಕೆ ಕೇಳಿ. ನೀವು ಬೇಕಾದ ಪದ ಹುಡುಕಿ ಸಿಗದೆ ನಿಂತ ಜಾಗಗಳು ಎಲ್ಲಿವೆಯೋ ಅವೇ ಮುಂದಿನ ಮಂಗಳವಾರದ ಕಾರ್ಡುಗಳು. ಪದಪಟ್ಟಿ ಪುಸ್ತಕದಿಂದ ಬರುವುದಕ್ಕಿಂತ ಇಲ್ಲಿಂದ ಬರುವುದು ಲೇಸು.

ಕೂಡಿಸಿ ನೋಡಿದರೆ ವಾರಕ್ಕೆ ಕೇಳುವುದು ಸುಮಾರು ಎರಡು ಗಂಟೆ, ಮಾತು ಎರಡು ಗಂಟೆಗೆ ಸ್ವಲ್ಪ ಹೆಚ್ಚು, ಪದ ಕಲಿಕೆ ಒಂದು ಗಂಟೆಯೊಳಗೆ. ಪದಕ್ಕೆ ಇಷ್ಟು ಕಡಿಮೆಯೇ ಎಂದು ಶಿಕ್ಷಕರೂ ಕೇಳಿದ್ದರು. ಆರಂಭದಲ್ಲಿ ನನ್ನ ಬಳಿ ನಾನೂರು ಪದಗಳಿದ್ದವು, ಕಿವಿಗೆ ಬಿದ್ದರೆ ಗುರುತು ಸಿಗುತ್ತಿದ್ದುದು ಐವತ್ತೂ ಇಲ್ಲ. ದನಿ ಕಿವಿಗೆ ನಿಲ್ಲುವ ಮುನ್ನ ಸೇರಿಸಿದ ಪದಗಳನ್ನೆಲ್ಲ ಮತ್ತೊಮ್ಮೆ ಕಲಿಯಬೇಕಾಯಿತು. ವಾರ ಕಿರಿದಾದರೆ, ಪ್ರವಾಸವೋ ಮದುವೆಯೋ ಬಂದರೆ, ಮಂಗಳವಾರ ಶುಕ್ರವಾರಗಳನ್ನು ಬಿಡಿ. ಗುರುವಾರವನ್ನೂ ಶನಿವಾರವನ್ನೂ ಉಳಿಸಿಕೊಳ್ಳಿ.

ಹನ್ನೆರಡು ವಾರಗಳ ಕೊನೆಗೆ ನನ್ನ ಬಳಿ ತೊಂಬತ್ತಾರು ಕಾರ್ಡುಗಳಿದ್ದವು. ಬೆಲೆ, ತೂಕ, ತೇವಾಂಶ, ದಿನಾಂಕಗಳ ಮಾತು ಇಂಗ್ಲಿಷಿಲ್ಲದೆ ನಡೆಯುತ್ತಿತ್ತು. ಚೌಕಾಸಿ ನಡೆಯುತ್ತಿರಲಿಲ್ಲ, ಗುಣಮಟ್ಟದ ತಕರಾರು ಬಂದರೆ ಅರ್ಧವೂ ತಿಳಿಯುತ್ತಿರಲಿಲ್ಲ, ಒಪ್ಪಂದದ ಮಾತಿಗೆ ಇಂದಿಗೂ ದುಭಾಷಿಯನ್ನು ಕೂರಿಸಿಕೊಳ್ಳುತ್ತೇನೆ. ಅಂಕಿ ಎಷ್ಟೇ ಸ್ಪಷ್ಟವಾಗಿ ಕೇಳಿಸಿದರೂ ಫೋನ್ ಇಡುವ ಮುನ್ನ ಅಲ್ಲಿ ಎಲ್ಲರ ಮೊಬೈಲ್‌ನಲ್ಲಿರುವ ಝಾಲೋ ಆ್ಯಪ್‌ಗೆ ಬರೆದು ಕಳುಹಿಸಲು ಕೇಳುತ್ತೇನೆ. ಮೊದಲ ವಾರದ ಎಂಟು ಕಾರ್ಡುಗಳಲ್ಲಿ ಇದನ್ನೂ ಒಂದಾಗಿ ಸೇರಿಸಿಕೊಳ್ಳಿ:

```
Chị nhắn giá qua Zalo giùm em nha.
```